2000 ಪುಟದ ಕಾರ್ಟ್ರಿಜ್ 1200ಕ್ಕೇ ಯಾಕೆ ಮುಗೀತದ?

ಪ್ರಶ್ನೆ: ಗಂಗಾವತಿಯಾಗ ನಮ್ದು ಸಣ್ಣ ಆನ್‌ಲೈನ್ ಸೆಂಟರ್ ಐತ್ರಿ. ಪ್ರಿಂಟ್, ಜೆರಾಕ್ಸ್ ಸೇರಿ ತಿಂಗಳಿಗೆ 2500 ಪುಟ ಹೋಗ್ತಾವ. ಲೇಸರ್ ಪ್ರಿಂಟರ್, 12ಎ ಕಾರ್ಟ್ರಿಜ್. 2000 ಪುಟ ಬರ್ತಾವಂತಾರ, ನಮಗ 1200ಕ್ಕೇ ಮುಗೀತದ. ರೀಫಿಲ್‌ಗೆ 350 ರೂಪಾಯಿ. ಡ್ರಾಫ್ಟ್ ಮೋಡ್ ಹಾಕ್ಲ್ಯಾ, ಇಲ್ಲಾ ಇಂಕ್ ಟ್ಯಾಂಕ್ ಪ್ರಿಂಟರ್ ತಗೊಳ್ಳ್ಯಾ?

ಉತ್ತರ: ರೀಫಿಲ್ ಮಾಡುವವರು ಪೌಡರ್ ಕಡಿಮೆ ಹಾಕುತ್ತಿದ್ದಾರೆ ಎಂದು ಈಗಲೇ ಅನುಮಾನಪಡಬೇಡಿ. 2000 ಎಂಬ ಲೆಕ್ಕ ಪುಟದ ಶೇ 5ರಷ್ಟು ಜಾಗದಲ್ಲಿ ಮಾತ್ರ ಕಪ್ಪು ಬೀಳುವ ಪತ್ರದಂಥ ಪುಟಕ್ಕೆ ಹೇಳಿದ್ದು. ಗೆರೆ, ಚೌಕ, ಫೋಟೊ ಇರುವ ಪಹಣಿ, ಅರ್ಜಿ, ಆಧಾರ್ ಪ್ರತಿಗಳಲ್ಲಿ ಕಪ್ಪು ಶೇ 8 ದಾಟುವುದು ಸಾಮಾನ್ಯ. 2000ವನ್ನು 5ರಿಂದ ಗುಣಿಸಿ 8ರಿಂದ ಭಾಗಿಸಿದರೆ 1250. ನಿಮಗೆ ಬರುತ್ತಿರುವುದೂ ಹೆಚ್ಚುಕಡಿಮೆ ಅಷ್ಟೇ.

ಹಾಗಾಗಿ ಮೊದಲು ನೋಡಬೇಕಾದ್ದು ಆಧಾರ್ ಜೆರಾಕ್ಸ್ ತೆಗೆಯುವ ರೀತಿ. ಗಾಜಿನ ಮೇಲೆ ಕಾರ್ಡ್ ಇಟ್ಟು ಮುಚ್ಚಳ ಎತ್ತಿ ಹಿಡಿದೇ ಬಟನ್ ಒತ್ತಿದರೆ ಕಾರ್ಡಿನ ಸುತ್ತ ಕಪ್ಪು ಛಾಯೆ ಬರುತ್ತದೆ. ಎ4 ಹಾಳೆಯ ಉದ್ದಕ್ಕೆ ಒಂದು ಸೆಂಟಿಮೀಟರ್ ಅಗಲದ ಕಪ್ಪು ಪಟ್ಟಿ ಬಿದ್ದರೆ ಅದೇ ಶೇ 4.8. ಅಂದರೆ ಆ ಪಟ್ಟಿಯೊಂದೇ ಇಡೀ ಒಂದು ಪತ್ರದ ಪೌಡರ್ ತಿಂದಂತೆ. ಮುಚ್ಚಳ ಪೂರ್ತಿ ಮುಚ್ಚಿ, ಗಾಜು ಒರೆಸಿ, ಕಾಪಿಯನ್ನು ಒಂದು ಮನೆ ತಿಳಿಯಾಗಿಸಿ. ಮೊಬೈಲ್‌ನಲ್ಲಿ ತೆಗೆದ ಫೋಟೊ ತಂದವರಿಗೆ ಅಂಚಿನ ನೆರಳು ಕತ್ತರಿಸಿಯೇ ಪ್ರಿಂಟ್ ಕೊಡಿ. ಸರಾಸರಿ ಶೇ 6.5ಕ್ಕೆ ಇಳಿದರೂ ಅದೇ ಕಾರ್ಟ್ರಿಜ್ 1500 ಪುಟ ಕೊಡುತ್ತದೆ.

ಈಗ ನಿಮ್ಮ ನಿಜವಾದ ಖರ್ಚು ನೋಡೋಣ. 350ನ್ನು 1200ರಿಂದ ಭಾಗಿಸಿದರೆ ಪುಟಕ್ಕೆ 29 ಪೈಸೆ ಪೌಡರ್. ನಾಲ್ಕು ರೀಫಿಲ್‌ಗೊಮ್ಮೆ ಡ್ರಮ್, ಬ್ಲೇಡ್ ಬದಲಿಸಲು 300 ರೂಪಾಯಿ ಹಿಡಿದರೆ ಇನ್ನು 6 ಪೈಸೆ. ಒಟ್ಟು 35 ಪೈಸೆ. ಹಾಳೆಯ ಬಂಡಲ್‌ಗೆ 260 ರೂಪಾಯಿ ಎಂದರೆ ಒಂದು ಹಾಳೆಗೇ 52 ಪೈಸೆ. ಕೆಟ್ಟುಹೋದ ಒಂದು ಪ್ರತಿಯ ಬೆಲೆ ಪೌಡರಿನದಕ್ಕಿಂತ ಕಾಗದದ್ದೇ ಹೆಚ್ಚು.

ಡ್ರಾಫ್ಟ್ ಮೋಡ್‌ನ ಮಾತು ಬರುವುದು ಇಲ್ಲೇ. ಪ್ರಿಂಟರ್‌ನ Printing Preferences ಒಳಗೆ EconoMode ಟಿಕ್ ಮಾಡಿದರೆ ಚುಕ್ಕೆಗಳು ವಿರಳವಾಗಿ ಪೌಡರ್ ಉಳಿಯುತ್ತದೆ. ಅರ್ಧಕ್ಕರ್ಧ ಉಳಿಯಿತೆಂದೇ ಇಟ್ಟುಕೊಂಡರೂ ಪುಟಕ್ಕೆ 14 ಪೈಸೆ. ಪ್ರಮಾಣಪತ್ರದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗದೆ ಒಬ್ಬರು ವಾಪಸ್ ಬಂದರೆ ಹಾಳೆ, ಪೌಡರ್ ಸೇರಿ 81 ಪೈಸೆ ಹೋಯಿತು. ಆರು ಪುಟಗಳ ಉಳಿತಾಯ ಅಲ್ಲಿಗೆ ಮುಗಿಯಿತು. ಜಾತಿ ಆದಾಯ ಪ್ರಮಾಣಪತ್ರ, ಫೋಟೊ, ಬಾರ್‌ಕೋಡ್ ಇರುವ ಹಾಲ್ ಟಿಕೆಟ್‌ಗೆ ಅದನ್ನು ಬಳಸಲೇಬೇಡಿ. ಅರ್ಜಿ ಸರಿಯಾಗಿ ತುಂಬಿದೆಯೇ ಎಂದು ತೋರಿಸುವ ಪ್ರತಿ, ಮಕ್ಕಳ ನೋಟ್ಸ್, ನಿಮ್ಮದೇ ಲೆಕ್ಕದ ಹಾಳೆ, ಇವಕ್ಕೆ ಧಾರಾಳವಾಗಿ ಹಾಕಿ. ಒಂದೇ ಪ್ರಿಂಟರನ್ನು ಎರಡು ಹೆಸರಲ್ಲಿ ಇನ್‌ಸ್ಟಾಲ್ ಮಾಡಿ, ಒಂದರಲ್ಲಿ EconoMode ಖಾಯಂ ಇಟ್ಟರೆ ಪ್ರತಿ ಸಲ ಬದಲಿಸುವ ತಾಪತ್ರಯವಿಲ್ಲ.

ಇನ್ನೊಂದು ಮಿತಿಯೂ ಇದೆ. ಡ್ರಾಫ್ಟ್‌ನಲ್ಲೂ ಡ್ರಮ್ ಅಷ್ಟೇ ಸಲ ತಿರುಗುತ್ತದೆ, ಅಷ್ಟೇ ಸವೆಯುತ್ತದೆ. ಪೌಡರ್ ಬಾಕಿ ಇರುವಾಗಲೇ ಹಾಳೆ ಮೇಲೆ ಸುಮಾರು ಏಳೂವರೆ ಸೆಂಟಿಮೀಟರಿಗೊಮ್ಮೆ ಒಂದೇ ಕಲೆ ಮರುಕಳಿಸಿದರೆ ಡ್ರಮ್ ಕೆಟ್ಟಿದೆ ಎಂದರ್ಥ. ಆಗ ರೀಫಿಲ್ ಮಾಡಿಸಿದರೆ ದುಡ್ಡು ದಂಡ. ಮಧ್ಯೆ ಉದ್ದಕ್ಕೆ ತಿಳಿ ಪಟ್ಟಿ ಬಂದರೆ ಮಾತ್ರ ಪೌಡರ್ ಮುಗಿಯುತ್ತಿದೆ. ಕಾರ್ಟ್ರಿಜ್ ಹೊರತೆಗೆದು ಅಡ್ಡಲಾಗಿ ಐದಾರು ಸಲ ಅಲುಗಾಡಿಸಿದರೆ ಇನ್ನೊಂದಿಷ್ಟು ಪುಟ ಸಿಗುತ್ತವೆ.

ಇಂಕ್ ಟ್ಯಾಂಕ್ ಈಗ ಬೇಡ. 14,000 ರೂಪಾಯಿಯ ಯಂತ್ರ, 380 ರೂಪಾಯಿಗೆ 4500 ಪುಟ ಎಂದು ಹೇಳುವ ಕಪ್ಪು ಶಾಯಿ ಬಾಟಲಿ ಎಂದಿಟ್ಟುಕೊಳ್ಳೋಣ. ಆ ಲೆಕ್ಕವೂ ಪರೀಕ್ಷಾ ಪುಟಗಳದ್ದೇ, ನಿಮ್ಮ ಪುಟಗಳಿಗೆ 2700 ಎಂದು ಹಿಡಿಯಿರಿ. ಪುಟಕ್ಕೆ 14 ಪೈಸೆ. ಉಳಿತಾಯ 21 ಪೈಸೆ, ತಿಂಗಳಿಗೆ 525 ರೂಪಾಯಿ. ಯಂತ್ರದ ಹಣ ವಾಪಸಾಗಲು 27 ತಿಂಗಳು ಬೇಕು. ಮೊದಲ ಬಾಟಲಿಯಲ್ಲಿ ಸ್ವಲ್ಪ ಶಾಯಿ ಪೈಪ್ ತುಂಬಲಿಕ್ಕೇ ಹೋಗುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ವಾರಗಟ್ಟಲೆ ಸುಮ್ಮನೆ ಬಿಟ್ಟರೆ ಹೆಡ್ ಕಟ್ಟಿಕೊಂಡು, ಕ್ಲೀನಿಂಗ್‌ಗೂ ಶಾಯಿ ಸುರಿಯಬೇಕಾಗುತ್ತದೆ. ಡೈ ಶಾಯಿಯಾದರೆ ಬೆವರಿದ ಕೈ ತಗುಲಿದರೂ ಅಕ್ಷರ ಹರಡುತ್ತದೆ; ಕಚೇರಿಗೆ ಸಲ್ಲಿಸುವ ಕಾಗದಕ್ಕೆ ಇದು ಸಣ್ಣ ಮಾತಲ್ಲ.

ಈ ಲೆಕ್ಕ ತಿರುಗುವುದು ಯಂತ್ರ ದೊಡ್ಡ ರಿಪೇರಿಗೆ ಬಂದಾಗ. ಆಗಷ್ಟೇ ಬಂದ ಹಾಳೆಯನ್ನು ಬೆರಳಿಂದ ಉಜ್ಜಿದರೆ ಅಕ್ಷರ ಪುಡಿಪುಡಿಯಾಗಿ ಏಳುತ್ತಿದೆಯೇ? ಹಾಗಿದ್ದರೆ ಪೌಡರನ್ನು ಬಿಸಿಯಿಂದ ಕಾಗದಕ್ಕೆ ಅಂಟಿಸುವ ಫ್ಯೂಸರ್ ಸರಿಯಾಗಿ ಬಿಸಿಯಾಗುತ್ತಿಲ್ಲ. ಅದರ ಜೊತೆ ಕಾಗದ ಎಳೆಯುವ ರೋಲರ್ ಸೇರಿ 4000 ರೂಪಾಯಿ ಎಸ್ಟಿಮೇಟ್ ಕೊಟ್ಟರೆ, ಆ ಹಣ ಹೇಗೂ ಹೋಗುವಂಥದ್ದು. ಹೊಸ ಯಂತ್ರಕ್ಕೆ ನೀವು ಹೆಚ್ಚಾಗಿ ಹಾಕುವುದು 10,000 ಮಾತ್ರ, ಅದು 19 ತಿಂಗಳಲ್ಲಿ ವಾಪಸಾಗುತ್ತದೆ. ಜೊತೆಗೆ ಕಲರ್ ಪ್ರಿಂಟ್ ಕೇಳುವವರು ದಿನಕ್ಕೆ ಹತ್ತು ಮಂದಿಯಾದರೂ ಇದ್ದರೆ ಆಗ ಬದಲಿಸಿ. ಫ್ಯೂಸರ್ ಗಟ್ಟಿಯಿದ್ದರೆ ಇದೇ ಪ್ರಿಂಟರ್ ಓಡಲಿ.