ದಿನಸಿ ಬೆಲೆ ಲೆಕ್ಕ: ಐಟಂ ಜಾಸ್ತಿ ಮಾಡಿದರೆ ತಪ್ಪೂ ಜಾಸ್ತಿ ಆಗುತ್ತದೆ

ಪ್ರಶ್ನೆ: ಕೆಲವು ತಿಂಗಳಿಂದ ಮನೆ ಸಾಮಾನಿನ ರೇಟು ಸ್ಪ್ರೆಡ್‌ಶೀಟ್‌ನಲ್ಲಿ ಬರೆದಿಡ್ತಿದ್ದೇನೆ. ನನ್ನ ಲೆಕ್ಕಕ್ಕೆ 30% ಏರಿಕೆ ಬರ್ತಿದೆ, ಸರ್ಕಾರ ಹೇಳೋದು ಅದರ ಹತ್ತಿರವೂ ಇಲ್ಲ. ಇನ್ನಷ್ಟು ಐಟಂ ಸೇರಿಸಿದ್ರೆ ಸರಿಹೋಗುತ್ತಾ? ಇದಕ್ಕೆ ಯಾವ ಆ್ಯಪ್ ಒಳ್ಳೇದು?

ಸೇರಿಸಬೇಡಿ. ಇರೋದರಲ್ಲೇ ಅರ್ಧ ಅಳಿಸಿ. ನಿಮ್ಮ ಏರಿಕೆ 30%, 2023ರ ಜುಲೈನಲ್ಲಿ ನನ್ನ ಶೀಟಿನದ್ದು 40% ದಾಟಿತ್ತು.

ಮಡಿಕೇರಿ ಹತ್ತಿರ ನಮ್ಮದು ಸಣ್ಣ ಕಾಫಿ ತೋಟ. ಕಾಫಿ ದುಡ್ಡು ವರ್ಷಕ್ಕೊಮ್ಮೆ ಕೈಗೆ ಬರುತ್ತದೆ, ಅದನ್ನು ಮುಂದಿನ ಕೊಯ್ಲಿನವರೆಗೆ ಎಳೆಯಬೇಕು. ಹಾಗಾಗಿ ಮನೆ ಖರ್ಚು ಎಷ್ಟು ಏರುತ್ತಿದೆ ಅನ್ನೋದು ನನಗೆ ಸುಮ್ನೆ ಕುತೂಹಲದ ವಿಷಯ ಆಗಿರಲಿಲ್ಲ. ಆ ಜನವರಿಯಲ್ಲಿ ಶೀಟು ಶುರು ಮಾಡಿದೆ. ಶುಕ್ರವಾರದ ಸಂತೆಯಿಂದ ಬಂದು ಚೀಲ ಇಳಿಸಿದ ಕೂಡಲೇ ಎಲ್ಲದರ ರೇಟು ಬರೆಯುತ್ತಿದ್ದೆ. ಅಕ್ಕಿ, ಬೇಳೆ, ಎಣ್ಣೆಯಿಂದ ಹಿಡಿದು ಜೀರಿಗೆ, ಶುಂಠಿ, ಹಸಿಮೆಣಸಿನವರೆಗೆ. ಪ್ರತಿ ಸಾಲಿನ ಮುಂದೆ ಜನವರಿಗಿಂತ ಶೇಕಡಾ ಎಷ್ಟು ಏರಿದೆ ಅಂತ ಒಂದು ಕಾಲಂ. ಅದರ ಕೆಳಗೆ ಆ ಕಾಲಂನ ಸರಾಸರಿ. ಆ ಸರಾಸರಿಯನ್ನೇ ನಮ್ಮ ಮನೆಯ ಹಣದುಬ್ಬರ ಅಂದುಕೊಂಡೆ.

ಜುಲೈ ಮೊದಲ ವಾರ ಆ ಸಂಖ್ಯೆ ನೋಡಿ ಹೆದರಿದೆ. ಹೀಗೇ ಹೋದರೆ ದುಡ್ಡು ಡಿಸೆಂಬರ್ ಮುಟ್ಟಲ್ಲ ಅನ್ನಿಸಿತು. ಅಟ್ಟದಲ್ಲಿಟ್ಟಿದ್ದ ಕರಿಮೆಣಸನ್ನು ಅಷ್ಟೂ ಮಾರಿಬಿಟ್ಟೆ. ಆ ತಿಂಗಳು ಮುಗಿಯೋದರೊಳಗೆ ಮೆಣಸಿನ ದರ ಚೆನ್ನಾಗಿಯೇ ಏರಿತು. ಮಾರಿದ ಮೇಲೆ ಹೆಂಡತಿ ಒಂದೇ ಮಾತು ಕೇಳಿದಳು: "ಖರ್ಚು ಅಷ್ಟೊಂದು ಏರಿದ್ರೆ ಅಂಗಡಿ ಪುಸ್ತಕದಲ್ಲಿ ಕಾಣಬೇಕಲ್ವಾ?" ತೆಗೆದು ನೋಡಿದೆ. ಪುಸ್ತಕದಲ್ಲಿ ಅಂಥದ್ದೇನೂ ಇರಲಿಲ್ಲ.

ತಪ್ಪಿದ್ದದ್ದು ಆ ಸರಾಸರಿಯಲ್ಲಿ. ನಿಮ್ಮ ಶೀಟಿನಲ್ಲೂ ಅದೇ ಇದೆ ಅಂತ ನನ್ನ ಅನುಮಾನ. ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ನನಗೆ ಮೆಣಸು ಹೋಗಿದ್ದು ಇದರಿಂದಲೇ.

ಐದೇ ಸಾಮಾನು ತೆಗೆದುಕೊಳ್ಳಿ. ತಿಂಗಳಿಗೆ ಅಕ್ಕಿ 25 ಕಿಲೋ, ಜನವರಿಯಲ್ಲಿ 48 ರೂಪಾಯಿ, ಜುಲೈನಲ್ಲಿ 52. ತೊಗರಿಬೇಳೆ 3 ಕಿಲೋ, 120 ಇದ್ದದ್ದು 150. ಸೂರ್ಯಕಾಂತಿ ಎಣ್ಣೆ 4 ಲೀಟರ್, 150ರಿಂದ 120ಕ್ಕೆ ಇಳಿದಿತ್ತು. ನಂದಿನಿ ಹಾಲು 30 ಲೀಟರ್, ಜನವರಿಯಲ್ಲೂ 39, ಜುಲೈನಲ್ಲೂ 39. ಟೊಮೆಟೊ 4 ಕಿಲೋ, 20 ಇದ್ದದ್ದು 100.

ಬರೀ ಶೇಕಡಾಗಳ ಸರಾಸರಿ ತೆಗೆದರೆ ಸುಮಾರು 83% ಬರುತ್ತದೆ. ಟೊಮೆಟೊ ಒಂದೇ 400% ಏರಿ ಎಲ್ಲರನ್ನೂ ಎಳೆದುಕೊಂಡು ಹೋಗುತ್ತದೆ. ತಿಂಗಳಿಗೆ 1200 ರೂಪಾಯಿ ತಿನ್ನುವ ಅಕ್ಕಿಗೂ 80 ರೂಪಾಯಿಯ ಟೊಮೆಟೊಗೂ ಆ ಲೆಕ್ಕದಲ್ಲಿ ಒಂದೇ ಓಟು. ಅದೇ ಐದು ಸಾಮಾನನ್ನು ಅಷ್ಟಷ್ಟೇ ಪ್ರಮಾಣದಲ್ಲಿ ಕೊಳ್ಳೋಕೆ ಜನವರಿಯಲ್ಲಿ 3410 ರೂಪಾಯಿ ಬೇಕಿತ್ತು, ಜುಲೈನಲ್ಲಿ 3800. ಏರಿಕೆ 11.4%. ಎಲ್ಲಿಯ 83, ಎಲ್ಲಿಯ 11!

ಈಗ ನಿಮ್ಮ ಪ್ರಶ್ನೆಗೆ ಬನ್ನಿ. ಐಟಂ ಜಾಸ್ತಿ ಮಾಡಿದರೆ ಏನಾಗುತ್ತದೆ? ದೊಡ್ಡ ಖರ್ಚಿನ ಸಾಮಾನೆಲ್ಲ ನಿಮ್ಮ ಪಟ್ಟಿಯಲ್ಲಿ ಮೊದಲೇ ಇರುತ್ತದೆ. ಹೊಸದಾಗಿ ಸೇರೋದೆಲ್ಲ ಸಣ್ಣಪುಟ್ಟದ್ದು. ಆ ವರ್ಷ ಜೀರಿಗೆ, ಶುಂಠಿ ಎರಡೂ ಆಕಾಶಕ್ಕೆ ಹೋಗಿದ್ದವು, ನಾವು ಕೊಳ್ಳೋದು ಮಾತ್ರ ಗ್ರಾಂ ಲೆಕ್ಕದಲ್ಲಿ. ನನ್ನ ಶೀಟಿನಲ್ಲಿ ಅಂಥ ಸಾಲುಗಳೇ ತುಂಬಿದ್ದವು.

ಹಾಗಾಗಿ ನಾಲ್ಕೇ ಕಾಲಂ ಇಡಿ: A ಸಾಮಾನು, B ತಿಂಗಳ ಪ್ರಮಾಣ, C ಮೊದಲ ಬೆಲೆ, D ಈಗಿನ ಬೆಲೆ. B ಕಾಲಂ ವರ್ಷಪೂರ್ತಿ ಮುಟ್ಟಬೇಡಿ. ಐದು ಸಾಮಾನಿಗೆ ಸೂತ್ರ ಇಷ್ಟೇ, ಸಾಮಾನು ಜಾಸ್ತಿ ಇದ್ದರೆ 6ರ ಜಾಗದಲ್ಲಿ ಕೊನೆಯ ಸಾಲಿನ ಸಂಖ್ಯೆ ಹಾಕಿ:

```
=SUMPRODUCT(B2:B6,D2:D6)/SUMPRODUCT(B2:B6,C2:C6)-1
```

ಶೇಕಡಾ ಏರಿಕೆಗೆ ಅಂತ E ಕಾಲಂ ಮಾಡಿಕೊಂಡು ಅದರ ಕೆಳಗೆ `AVERAGE` ಹಾಕಿದ್ದರೆ ಈಗಲೇ ಅಳಿಸಿ.

ಆದರೆ ಆ 11.4 ಕೂಡ ಪೂರ್ತಿ ನಂಬೋ ಸಂಖ್ಯೆ ಅಲ್ಲ. ಏರಿದ 390 ರೂಪಾಯಿಯಲ್ಲಿ 320 ಟೊಮೆಟೊದ್ದೇ. ಸೆಪ್ಟೆಂಬರ್‌ಗೆ ಟೊಮೆಟೊ ಬಿದ್ದುಹೋಯಿತು, 30 ಅಂದುಕೊಳ್ಳಿ. ಅಷ್ಟರಲ್ಲಿ ಆಗಸ್ಟ್ 1ರಿಂದ ಹಾಲು ಲೀಟರ್‌ಗೆ 3 ರೂಪಾಯಿ ಏರಿತ್ತು. ಉಳಿದದ್ದು ಹಾಗೇ ಇದ್ದರೆ ಒಟ್ಟು 3610, ಅಂದರೆ ಜನವರಿಗಿಂತ 5.9% ಜಾಸ್ತಿ. ಆ 200 ರೂಪಾಯಿಯಲ್ಲಿ ಟೊಮೆಟೊ ಪಾಲು 40, ಹಾಲಿನ ಪಾಲು 90. ಟೊಮೆಟೊ ಬಗ್ಗೆ ಊರೆಲ್ಲ ಮಾತಾಡಿತು. ಹಾಲಿನ ಬೆಲೆ ಮಾತ್ರ ಏರಿದ್ದು ಇಳಿಯಲೇ ಇಲ್ಲ. ತರಕಾರಿಯನ್ನು ಯಾವತ್ತೂ ಹೋದ ವರ್ಷದ ಅದೇ ತಿಂಗಳ ಜೊತೆ ಹೋಲಿಸಿ. ಜನವರಿ ಜೊತೆ ಜುಲೈ ಹೋಲಿಸಿದರೆ ನೀವು ಅಳೆಯೋದು ಮಳೆಗಾಲವನ್ನು. ಒಂದು ವರ್ಷ ತುಂಬೋವರೆಗೆ ತರಕಾರಿಯ ಲೆಕ್ಕ ಬೇರೆ, ದಿನಸಿಯ ಲೆಕ್ಕ ಬೇರೆ ಇಟ್ಟುಕೊಳ್ಳಿ.

ಇನ್ನೊಂದು ಮಾತು. ಜುಲೈನಲ್ಲಿ ನಾವು 4 ಕಿಲೋ ಟೊಮೆಟೊ ಕೊಂಡೇ ಇರಲಿಲ್ಲ. ಸಾರಿಗೆ ಹುಣಸೆಹುಳಿ, ಪಲ್ಯಕ್ಕೆ ಕಣಿಲೆ. ಪ್ರಮಾಣ ಬದಲಿಸದ ಈ ಲೆಕ್ಕ ನಿಜವಾದ ಹೊರೆಗಿಂತ ಸ್ವಲ್ಪ ಜಾಸ್ತಿಯೇ ತೋರಿಸುತ್ತದೆ. ಹಾಗಂತ ಪ್ರತಿ ತಿಂಗಳೂ ಪ್ರಮಾಣ ಬದಲಿಸಿದರೆ ಅದು ಬರೀ ಖರ್ಚಿನ ಲೆಕ್ಕವಾಗುತ್ತದೆ. ನೆಂಟರು ಬಂದ ತಿಂಗಳೆಲ್ಲ ಹಣದುಬ್ಬರ ಅನ್ನೋ ಹಾಗಾಗುತ್ತದೆ.

ಪ್ಯಾಕೆಟ್ ಬೆಲೆ ಬರೆಯಬೇಡಿ, ಕಿಲೋ ಅಥವಾ ಲೀಟರ್ ಬೆಲೆ ಬರೆಯಿರಿ. ಎಣ್ಣೆ ಪ್ಯಾಕೆಟ್ ಎಲ್ಲವೂ ಒಂದು ಲೀಟರ್ ಅಲ್ಲ. ಲೀಟರ್ ಸೂರ್ಯಕಾಂತಿ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಅಷ್ಟೇ ದೊಡ್ಡದಾಗಿ ಕಾಣುವ ಪ್ಯಾಕೆಟ್ ಮೇಲೆ 850 ಗ್ರಾಂ ಅಂತ ಇದ್ದರೆ ಬೆಲೆ ಏರಿದಂತೆಯೇ. ಅಂಗಡಿಯೂ ಒಂದೇ ಇರಲಿ. ಒಂದು ತಿಂಗಳು ಸಂತೆ, ಇನ್ನೊಂದು ತಿಂಗಳು ಮನೆ ಹತ್ತಿರದ ಅಂಗಡಿ ಅಂದರೆ ಎರಡರ ನಡುವಿನ ವ್ಯತ್ಯಾಸವೇ ಏರಿಕೆಯಾಗಿ ಕಾಣುತ್ತದೆ. ಗದ್ದೆಯ ಅಕ್ಕಿ ಉಣ್ಣುವವರಾದರೆ ಅಕ್ಕಿ ಸಾಲೇ ಬೇಡ, ಅದು ನಿಮ್ಮ ಜೇಬಿನಿಂದ ಹೋಗಲ್ಲ.

ಸರ್ಕಾರದ್ದು ಸುಳ್ಳು ಲೆಕ್ಕ ಅಂತ ನೀವು ಹೇಳಿಲ್ಲ, ಆದರೆ ಪ್ರಶ್ನೆಯಲ್ಲಿ ಆ ವಾಸನೆ ಇದೆ. 2023ರ ಜುಲೈನ ಅಧಿಕೃತ ಹಣದುಬ್ಬರ 7.44%. ಆದರೆ ಅದರಲ್ಲಿ ಬಾಡಿಗೆ, ಬಟ್ಟೆ, ಬಸ್ ಚಾರ್ಜು ಎಲ್ಲ ಸೇರಿದೆ. ಅದನ್ನು ಲೆಕ್ಕ ಹಾಕಿದ 2012 ಆಧಾರ ವರ್ಷದ ಗ್ರಾಹಕ ಬೆಲೆ ಸೂಚ್ಯಂಕದಲ್ಲಿ ಆಹಾರ, ಪಾನೀಯಗಳ ಪಾಲು 45.86% ಇತ್ತು. ಅಡುಗೆಮನೆ ಶೀಟನ್ನು ಅದರ ಜೊತೆ ಹೋಲಿಸೋದೇ ತಪ್ಪು. ಹೋಲಿಸಲೇಬೇಕಾದರೆ ಆಹಾರದ ಹಣದುಬ್ಬರ ನೋಡಿ, ಆ ತಿಂಗಳು ಅದು 11.51% ಇತ್ತು. ನನ್ನ 11.4ಕ್ಕೆ ಹತ್ತಿರ ಬಂತು ಅಂತ ಮೋಸ ಹೋಗಬೇಡಿ. ಅದು ಹಿಂದಿನ ಜುಲೈನಿಂದ, ನನ್ನದು ಜನವರಿಯಿಂದ. ಹತ್ತಿರ ಬಂದದ್ದು ಕಾಕತಾಳೀಯ.

ಆ್ಯಪ್ ಬೇಡ. ಒಂದು ತಿಂಗಳ ಅಂಗಡಿ ಚೀಟಿ ಇಟ್ಟುಕೊಂಡು, ಖರ್ಚಿನ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ. ಮುಕ್ಕಾಲು ಪಾಲು ಖರ್ಚು ಮುಗಿಯೋವರೆಗೆ ಬರುವ ಹತ್ತು ಹನ್ನೆರಡು ಸಾಮಾನು ಉಳಿಸಿಕೊಳ್ಳಿ. ಜೀರಿಗೆ ಆ ಪಟ್ಟಿಯಲ್ಲಿ ಬರಲ್ಲ.