ಉಗುರು ಮೂಡಿದ ಹೆಜ್ಜೆ: ಚಿರತೆಯೋ, ಕತ್ತೆಕಿರುಬವೋ?

«ಗಂಗಾವತಿ ಹತ್ರ ಗುಡ್ಡದ ಬುಡದಾಗ ನಮ್ಮ ಹೊಲ. ಬೆಳಗ್ಗೆ ಬದುವಿನ ದಾರಿಯಲ್ಲಿ ದೊಡ್ಡ ಹೆಜ್ಜೆ ಕಂಡವು, ಉಗುರಿನ ಗುರುತೂ ಐತಿ. ಚಿರತೆ ಇರಬಹುದಾ?»

ಹೆಚ್ಚಾಗಿ ಕತ್ತೆಕಿರುಬ, ಇಲ್ಲವೇ ನಾಯಿ. ಚಿರತೆ ನಡೆಯುವಾಗ ಉಗುರನ್ನು ಒಳಗೆಳೆದುಕೊಂಡಿರುತ್ತದೆ, ಅದಕ್ಕೇ ಗುರುತು ಬೀಳುವುದಿಲ್ಲ. ಆದರೆ ಕೆಸರಿನಲ್ಲಿ ಜಾರಿದಾಗ ಅದರ ಉಗುರೂ ಮೂಡಬಹುದು, ಹಾಗಾಗಿ ಒಂದೇ ಹೆಜ್ಜೆ ನಂಬಬೇಡಿ.

ಮೊದಲು ಸಾಲಾಗಿ ನಾಲ್ಕೈದು ಹೆಜ್ಜೆ ನೋಡಿ. ಮುಂಗಾಲಿನದು ಹಿಂಗಾಲಿಗಿಂತ ಎದ್ದು ಕಾಣುವಷ್ಟು ದೊಡ್ಡದಿದ್ದರೆ ಕತ್ತೆಕಿರುಬ. ನಾಯಿಯಲ್ಲಿ ಇಷ್ಟು ವ್ಯತ್ಯಾಸ ಇರುವುದಿಲ್ಲ. ಆಮೇಲೆ ಬೆರಳುಗಳ ಹಿಂದಿನ ದೊಡ್ಡ ಮೆತ್ತೆಯ ಗುರುತು ನೋಡಿ. ಅದರ ಹಿಂಬದಿಯ ಅಂಚಿನಲ್ಲಿ ಮೂರು ಉಬ್ಬು ಸ್ಪಷ್ಟವಾಗಿದ್ದು, ಬೆರಳುಗಳು ದುಂಡಗಿದ್ದರೆ ಚಿರತೆಯ ಕಡೆಗೇ ವಾಲಬೇಕು. ನಾಯಿ ಮತ್ತು ತೋಳವನ್ನು ಬರೀ ಹೆಜ್ಜೆಯಿಂದ ಬೇರ್ಪಡಿಸುವುದು ಕಷ್ಟ, ನಾನಂತೂ ಖಚಿತವಾಗಿ ಹೇಳಲಾರೆ.

ಹತ್ತಿರ ಲದ್ದಿ ಸಿಕ್ಕರೆ ಕೆಲಸ ಸುಲಭ. ಕತ್ತೆಕಿರುಬ ಮೂಳೆಯನ್ನೇ ಅಗಿದು ನುಂಗುವುದರಿಂದ ಅದರ ಲದ್ದಿ ಒಣಗಿದಾಗ ಸುಣ್ಣದ ಉಂಡೆಯಂತೆ ಬೆಳ್ಳಗಾಗುತ್ತದೆ. ಚಿರತೆಯದು ಉದ್ದಕ್ಕಿದ್ದು, ತುದಿ ಚೂಪಾಗಿ, ಒಳಗೆ ಕೂದಲು ಹೆಣೆದುಕೊಂಡಿರುತ್ತದೆ. ಹಳೆಯದಾದರೆ ಇದೂ ಬಿಳಚುತ್ತದೆ, ಆದ್ದರಿಂದ ಬಣ್ಣಕ್ಕಿಂತ ಆಕಾರ ನೋಡಿ. ಬರಿಗೈಲಿ ಮುಟ್ಟಬೇಡಿ, ಕಡ್ಡಿಯಿಂದ ಬಿಡಿಸಿ.

ಒಳ್ಳೆಯ ಹೆಜ್ಜೆಯ ಪಕ್ಕ ಬೆಂಕಿಪೊಟ್ಟಣ ಇಟ್ಟು, ನೇರ ಮೇಲಿನಿಂದ ಫೋಟೋ ತೆಗೆಯಿರಿ. ಬಳಿಕ ಅದರ ಮೇಲೆ ಬುಟ್ಟಿ ಕವುಚಿಡಿ. ಸಂಜೆ ಅದೇ ದಾರಿಯಲ್ಲಿ ಒಂದು ಮಾರು ಉದ್ದಕ್ಕೆ ಜರಡಿ ಹಿಡಿದ ಮಣ್ಣು ತೆಳ್ಳಗೆ ಹರಡಿ, ಬೆಳಗ್ಗೆ ದನ ಬಿಡುವ ಮೊದಲೇ ನೋಡಿ. ಮೂರು ಉಬ್ಬು ಕಂಡರೆ ಫೋಟೋ ಸಮೇತ ಅರಣ್ಯ ಇಲಾಖೆಗೆ ತಿಳಿಸಿ, ಕುರಿ ಹಟ್ಟಿಯನ್ನು ರಾತ್ರಿ ಭದ್ರವಾಗಿ ಮುಚ್ಚಿ.