ಆರು ತಿಂಗಳ ಗೆರೆಯ ಹಿಂದೆ ಏನಿದೆ: ಒಂದು ಲೇಖನಕ್ಕೆ ಸಂಪಾದಕರ ಉತ್ತರ

“ನಮಸ್ಕಾರ. ‘ಪುಟ್ಟ ಕಂದಮ್ಮಗಳಿಗೆ ಐಬುಪ್ರೊಫೆನ್ ಬೇಡ’ ಎಂಬ ಲೇಖನ ಕಳಿಸಿದ್ದೇನೆ. ಈ ಔಷಧ ತುಂಬಾ ಸ್ಟ್ರಾಂಗ್, ಹೊಟ್ಟೆ ಸುಡುತ್ತದೆ, ಆದ್ದರಿಂದ ಆರು ತಿಂಗಳು ತುಂಬುವ ತನಕ ಕೊಡಬಾರದು, ಆಮೇಲೆ ಒಂದು ಚಮಚ ಕೊಡಬಹುದು ಎಂದು ಸರಳವಾಗಿ ಬರೆದಿದ್ದೇನೆ. ತಾಯಂದಿರಿಗೆ ಇಷ್ಟು ಸಾಕಲ್ಲವೇ? ಪ್ರಕಟಿಸುತ್ತೀರಾ?”

ಪ್ರಿಯ ಲೇಖಕರೇ,

ಈಗಿರುವ ರೂಪದಲ್ಲಿ ಪ್ರಕಟಿಸಲಾಗುವುದಿಲ್ಲ. ಭಾಷೆ ತಿಳಿಯಾಗಿದೆ, ವಾಕ್ಯಗಳು ಚಿಕ್ಕವಾಗಿವೆ, ಓದಿಸಿಕೊಂಡು ಹೋಗುತ್ತದೆ. ತೊಂದರೆ ಇರುವುದು ಕಾರಣದಲ್ಲಿ. ಕಾರಣ ತಪ್ಪಾದರೆ ಓದುಗರು ಏಳನೇ ತಿಂಗಳಲ್ಲಿ ತಪ್ಪು ಮಾಡುತ್ತಾರೆ. ಭೇದಿಯಿಂದ ಒಣಗಿದ ಏಳು ತಿಂಗಳ ಕೂಸಿಗೆ ಜ್ವರ ಬಂದಾಗ, ನಿಮ್ಮ ಲೇಖನ ಓದಿದ ತಾಯಿ “ಆರು ತಿಂಗಳು ದಾಟಿದೆಯಲ್ಲ” ಎಂದು ಧೈರ್ಯವಾಗಿ ಐಬುಪ್ರೊಫೆನ್ ಕೊಡುತ್ತಾಳೆ. ಕೊಡಲೇಬಾರದ ಸಂದರ್ಭ ಅದೇ.

ಹೊಟ್ಟೆಯ ಮಾತು ಸುಳ್ಳಲ್ಲ. ಈ ಔಷಧ ಜಠರದ ಒಳಪದರವನ್ನು ಕೆರಳಿಸಬಹುದು, ಅಪರೂಪಕ್ಕೆ ರಕ್ತಸ್ರಾವವೂ ಆಗಬಹುದು. ಆದರೆ ಎಳೆಗೂಸಿನ ವಿಷಯದಲ್ಲಿ ವೈದ್ಯರು ಮೊದಲು ಯೋಚಿಸುವುದು ಕಿಡ್ನಿಯ ಬಗ್ಗೆ. ನಿಮ್ಮ ಇಡೀ ಲೇಖನದಲ್ಲಿ ಕಿಡ್ನಿ ಎಂಬ ಪದವೇ ಇಲ್ಲ. ಅಲ್ಲಿಂದಲೇ ಬರೆಯಲು ಶುರು ಮಾಡಿ.

ನಮ್ಮ ದೇಹದಲ್ಲಿ ಪ್ರೊಸ್ಟಾಗ್ಲಾಂಡಿನ್ ಎಂಬ ರಾಸಾಯನಿಕಗಳು ತಯಾರಾಗುತ್ತಿರುತ್ತವೆ. ಜ್ವರ, ನೋವು, ಊತ ಇವುಗಳ ಹಿಂದೆ ಅವುಗಳ ಕೈವಾಡವಿದೆ. ಐಬುಪ್ರೊಫೆನ್ ಅವುಗಳ ತಯಾರಿಕೆಯನ್ನು ತಡೆಯುತ್ತದೆ, ಜ್ವರ ಇಳಿಯುತ್ತದೆ. ಆದರೆ ಕಿಡ್ನಿಯಲ್ಲಿ ಅದೇ ರಾಸಾಯನಿಕಕ್ಕೆ ಬೇರೆ ಕೆಲಸವಿದೆ. ಸೋಸುವ ಭಾಗಕ್ಕೆ ರಕ್ತ ತರುವ ಸಣ್ಣ ನಾಳವನ್ನು ಅದು ಅಗಲವಾಗಿ ಇಟ್ಟಿರುತ್ತದೆ, ಕಾಲುವೆಯ ತೂಬನ್ನು ತೆರೆದಿಟ್ಟ ಹಾಗೆ. ದೇಹದಲ್ಲಿ ನೀರಿನಂಶ ಸಾಕಷ್ಟಿದ್ದಾಗ ಈ ನೆರವು ಅಷ್ಟಾಗಿ ಬೇಕಾಗುವುದಿಲ್ಲ. ವಾಂತಿ, ಭೇದಿ, ಹಾಲು ಕುಡಿಯದಿರುವುದು ಇವುಗಳಿಂದ ನೀರು ಕಡಿಮೆಯಾದಾಗ ಮಾತ್ರ ಕಿಡ್ನಿ ಈ ನೆರವನ್ನೇ ನಂಬಿ ಕೂತಿರುತ್ತದೆ. ಆಗ ಐಬುಪ್ರೊಫೆನ್ ಬಿದ್ದರೆ ನಾಳ ಕಿರಿದಾಗುತ್ತದೆ, ಸೋಸುವುದು ಕುಸಿಯುತ್ತದೆ, ಮೂತ್ರ ಕಡಿಮೆಯಾಗುತ್ತದೆ.

ದೊಡ್ಡವರಿಗೂ ಹೀಗಾಗಬಹುದು. ಕೂಸಿನಲ್ಲಿ ಅಪಾಯ ಹೆಚ್ಚಿರುವುದು ಏಕೆಂದರೆ ಅದರ ಕಿಡ್ನಿ ಇನ್ನೂ ಬಲಿತಿರುವುದಿಲ್ಲ. ದೇಹದ ಗಾತ್ರಕ್ಕೆ ಹೋಲಿಸಿ ನೋಡಿದರೆ, ತಿಂಗಳು ತುಂಬಿ ಹುಟ್ಟಿದ ಶಿಶುವಿನ ಕಿಡ್ನಿ ದೊಡ್ಡವರ ಕಿಡ್ನಿ ಸೋಸುವುದರ ಐದನೇ ಒಂದು ಭಾಗದಷ್ಟು ಮಾತ್ರ ಸೋಸುತ್ತದೆ. ಮೊದಲ ಎರಡು ವಾರಗಳಲ್ಲಿ ಅದು ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ದೊಡ್ಡವರ ಮಟ್ಟ ಮುಟ್ಟಲು ಒಂದರಿಂದ ಎರಡು ವರ್ಷ ಬೇಕು. ಔಷಧವನ್ನು ಒಡೆದು ಹೊರಹಾಕುವ ಲಿವರ್‌ನ ಕಿಣ್ವಗಳೂ ಆರಂಭದಲ್ಲಿ ನಿಧಾನ. ದೊಡ್ಡ ಮಕ್ಕಳ ರಕ್ತದಲ್ಲಿ ಐಬುಪ್ರೊಫೆನ್ ಎರಡು ಗಂಟೆಯೊಳಗೆ ಅರ್ಧಕ್ಕೆ ಇಳಿದರೆ, ಅವಧಿಗೆ ಮುನ್ನ ಹುಟ್ಟಿದ ಶಿಶುವಿನಲ್ಲಿ ಮೊದಲ ದಿನಗಳಲ್ಲಿ ಅದಕ್ಕೆ ಸುಮಾರು 30 ಗಂಟೆ ಬೇಕು. ಅಂಥ ಶಿಶುವಿಗೆ ಎಂಟು ಗಂಟೆಗೊಮ್ಮೆ ಕೊಡುತ್ತಾ ಹೋದರೆ ಒಂದು ಡೋಸ್ ಕರಗುವ ಮೊದಲೇ ಇನ್ನೊಂದು ಸೇರಿ ಔಷಧ ಗುಡ್ಡೆ ಬೀಳುತ್ತದೆ.

ಇಲ್ಲಿ ಒಬ್ಬ ಜಾಣ ಓದುಗ ನಿಮ್ಮನ್ನು ಹಿಡಿದು ನಿಲ್ಲಿಸುತ್ತಾನೆ: “ನವಜಾತ ಶಿಶುಗಳ ಐಸಿಯುವಿನಲ್ಲಿ ಇದೇ ಔಷಧ ಕೊಡುತ್ತಾರಲ್ಲ?” ಹೌದು, ಕೊಡುತ್ತಾರೆ, ಜ್ವರಕ್ಕಲ್ಲ. ಹೃದಯದ ಬಳಿ ಎರಡು ದೊಡ್ಡ ರಕ್ತನಾಳಗಳ ನಡುವೆ ಗರ್ಭದಲ್ಲಿದ್ದಾಗ ಬೇಕಾಗುವ ಒಂದು ಸೇತುನಾಳ ಇರುತ್ತದೆ. ಅವಧಿಪೂರ್ವ ಶಿಶುಗಳಲ್ಲಿ ಅದು ಮುಚ್ಚದೆ ಉಳಿಯಬಹುದು. ಅದನ್ನು ತೆರೆದಿಡುವುದೂ ಪ್ರೊಸ್ಟಾಗ್ಲಾಂಡಿನ್ನೇ ಆದ್ದರಿಂದ ಮುಚ್ಚಿಸಲು ಐಬುಪ್ರೊಫೆನ್ ಉಪಯೋಗಕ್ಕೆ ಬರುತ್ತದೆ. ವಾಡಿಕೆಯ ಕ್ರಮ ಹೀಗಿದೆ: ಮೊದಲ ಡೋಸ್ ಕಿಲೋಗೆ 10 ಮಿಲಿಗ್ರಾಂ, ನಂತರ 24 ಗಂಟೆಗಳ ಅಂತರದಲ್ಲಿ ಕಿಲೋಗೆ 5 ಮಿಲಿಗ್ರಾಂನಂತೆ ಎರಡು ಡೋಸ್. ಪ್ರತಿ ಡೋಸ್‌ಗೂ ಮುನ್ನ ಮೂತ್ರದ ಲೆಕ್ಕ ನೋಡುತ್ತಾರೆ. ಗಂಟೆಗೆ ಕಿಲೋಗೆ 0.6 ಮಿಲಿಲೀಟರ್‌ಗಿಂತ ಕಡಿಮೆಯಾಗಿದ್ದರೆ ಮುಂದಿನ ಡೋಸ್ ತಡೆಹಿಡಿಯುತ್ತಾರೆ. ಮನೆಯಲ್ಲಿ ಹೀಗೆ ಅಳೆಯುವವರು ಯಾರೂ ಇಲ್ಲ. ಇದೊಂದು ಪ್ಯಾರಾ ಸೇರಿಸಿ, ಕಿಡ್ನಿಯ ಮಾತು ಓದುಗರಿಗೆ ತಾನಾಗಿ ಮನದಟ್ಟಾಗುತ್ತದೆ.

ಈಗ ವಯಸ್ಸಿನ ಗೆರೆ. ಆರು ತಿಂಗಳು ತುಂಬಿದ ದಿನ ದೇಹದಲ್ಲಿ ಹೊಸದೇನೂ ಸಂಭವಿಸುವುದಿಲ್ಲ. ನೀವು ಅದನ್ನು ಪ್ರಕೃತಿಯ ನಿಯಮದಂತೆ ಬರೆದಿದ್ದೀರಿ. ಆ ವಯಸ್ಸು ದಾಟಿದ ಮಕ್ಕಳ ಬಗ್ಗೆ ಗಟ್ಟಿ ಪುರಾವೆ ಇದೆ ಎಂಬುದು ಮುಖ್ಯ ವಿಷಯ. ಅಮೆರಿಕದಲ್ಲಿ ಜ್ವರ ಬಂದ 84,192 ಮಕ್ಕಳ ಮೇಲೆ ನಡೆದ ದೊಡ್ಡ ಪ್ರಯೋಗದ ಫಲಿತಾಂಶ 1995ರಲ್ಲಿ ಪ್ರಕಟವಾಯಿತು. ಅದರಲ್ಲಿದ್ದವರು 6 ತಿಂಗಳಿಂದ 12 ವರ್ಷದವರು. ಐಬುಪ್ರೊಫೆನ್ ಪಡೆದವರಲ್ಲಿ ಕಿಡ್ನಿ ಕೈಕೊಟ್ಟು ಆಸ್ಪತ್ರೆ ಸೇರಿದವರು ಯಾರೂ ಇರಲಿಲ್ಲ, ಹೊಟ್ಟೆಯ ರಕ್ತಸ್ರಾವದಿಂದ ಸೇರಿದವರು ನಾಲ್ವರು. ಅದಕ್ಕಿಂತ ಚಿಕ್ಕ ಕೂಸುಗಳ ಬಗ್ಗೆ ಇಷ್ಟು ದೊಡ್ಡ ಭರವಸೆ ನಮ್ಮ ಕೈಲಿಲ್ಲ. ಅಮೆರಿಕದ ಬಾಟಲಿಗಳ ಮೇಲೆ ಆರು ತಿಂಗಳೊಳಗಿನವರಿಗೆ ವೈದ್ಯರನ್ನು ಕೇಳದೆ ಬೇಡ ಎಂದಿರುತ್ತದೆ. ಬ್ರಿಟನ್‌ನಲ್ಲಿ 3 ತಿಂಗಳು ತುಂಬಿ, ತೂಕ 5 ಕಿಲೋ ದಾಟಿದ ಕೂಸಿಗೆ ಸಣ್ಣ ಡೋಸ್‌ನಲ್ಲಿ, ಅದೂ ಒಂದು ದಿನದ ಮಟ್ಟಿಗೆ ಕೊಡಲು ಅವಕಾಶವಿದೆ. ಲಂಡನ್ನಿನಲ್ಲಿರುವ ಅಕ್ಕ ಒಂದು ಹೇಳಿದರೆ ಬೆಂಗಳೂರಿನ ವೈದ್ಯರು ಇನ್ನೊಂದು ಹೇಳುವುದು ಇದರಿಂದ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ನಮ್ಮ ಓದುಗರಿಗೆ ನೀವು ಆರು ತಿಂಗಳನ್ನೇ ಹೇಳಿ, ಮೂರರಿಂದ ಆರು ತಿಂಗಳ ನಡುವೆ ಮಕ್ಕಳ ವೈದ್ಯರು ಕೂಸನ್ನು ನೋಡಿ ಬರೆದುಕೊಟ್ಟರೆ ಮಾತ್ರ ಎಂದು ಸೇರಿಸಿ.

ಮೂರು ತಿಂಗಳೊಳಗಿನ ಕೂಸಿಗೆ ಮಾತ್ರ ಯಾವ ಜ್ವರದ ಔಷಧ ಎಂಬ ಪ್ರಶ್ನೆ ಎರಡನೆಯದು. ಮೈ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಆ ದಿನವೇ ವೈದ್ಯರು ನೋಡಬೇಕು. ರಕ್ತದ ಸೋಂಕು, ಮೆದುಳುಪೊರೆಯ ಸೋಂಕು, ಮೂತ್ರದ ಸೋಂಕು ಈ ವಯಸ್ಸಿನಲ್ಲಿ ಬರೀ ಜ್ವರವಾಗಿ ಕಾಣಿಸಿಕೊಳ್ಳಬಹುದು. ಮನೆಯಲ್ಲೇ ಜ್ವರ ಇಳಿಸಿದರೆ ಆ ಸುಳಿವೇ ಮಾಯವಾಗುತ್ತದೆ. ಇದಕ್ಕೆ ಅಪವಾದ ಆರು, ಹತ್ತು, ಹದಿನಾಲ್ಕನೇ ವಾರದ ಲಸಿಕೆಯ ಮರುದಿನ ಬರುವ ಜ್ವರ, ಅದು ಸಾಮಾನ್ಯ. ಅದಕ್ಕೆ ಲಸಿಕಾ ಕೇಂದ್ರದಲ್ಲಿ ಹೇಳಿದ ಪ್ಯಾರಾಸಿಟಮಾಲ್ ಸಾಕು, ಆದರೂ ಕೂಸು ಮಂಕಾಗಿದ್ದರೆ ಅಥವಾ ಹಾಲು ಬಿಟ್ಟರೆ ಕಾಯಬಾರದು.

“ಒಂದು ಚಮಚ” ಎಂಬ ಮಾತನ್ನು ಪೂರ್ತಿ ತೆಗೆದುಹಾಕಿ. ಡೋಸ್ ನಿರ್ಧಾರವಾಗುವುದು ತೂಕದ ಮೇಲೆ. ಅಡುಗೆಮನೆಯ ಚಮಚಗಳು ಒಂದರಂತೆ ಒಂದಿರುವುದಿಲ್ಲ. ಅದರ ಬದಲು ಒಂದು ಲೆಕ್ಕವನ್ನು ಬಿಡಿಸಿ ತೋರಿಸಿ.

ಏಳು ತಿಂಗಳ ಕೂಸು, ತೂಕ 7 ಕಿಲೋ, ಕಿವಿ ನೋವು, ಜ್ವರ. ಹಾಲು ಕುಡಿಯುತ್ತಿದೆ, ಎಂದಿನಂತೆ ಮೂತ್ರ ಮಾಡುತ್ತಿದೆ. ಐಬುಪ್ರೊಫೆನ್ ಒಂದು ಸಲಕ್ಕೆ ಕಿಲೋಗೆ 5ರಿಂದ 10 ಮಿಲಿಗ್ರಾಂ. ಹತ್ತರಂತೆ ಹಿಡಿದರೆ 70 ಮಿಲಿಗ್ರಾಂ. ಇಲ್ಲಿ ಸಾಮಾನ್ಯವಾಗಿ ಸಿಗುವ ಸಿರಪ್‌ನ ಪ್ರತಿ 5 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಇರುತ್ತದೆ. ಹಾಗಾಗಿ 3.5 ಮಿಲಿಲೀಟರ್, ಸೂಜಿಯಿಲ್ಲದ ಸಿರಿಂಜಿನಲ್ಲಿ ಅಳೆದು, ಕೆನ್ನೆಯ ಒಳಬದಿಗೆ ನಿಧಾನವಾಗಿ. ಇನ್ನೊಂದು ಸಲಕ್ಕೆ ಆರರಿಂದ ಎಂಟು ಗಂಟೆ ಬಿಡಬೇಕು, ದಿನಕ್ಕೆ ಮೂರು ಸಲ ಮೀರಬಾರದು. ಹೀಗೆ ಆರು ತಿಂಗಳು ದಾಟಿದ, ಚೆನ್ನಾಗಿ ಕುಡಿಯುತ್ತಿರುವ ಕೂಸಿಗೆ ಇದು ಒಪ್ಪುವ ಔಷಧ. ಊತದ ನೋವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಇಲ್ಲಿ ಎರಡು ಕಡೆ ಎಡವುತ್ತಾರೆ. ಅಮೆರಿಕದಿಂದ ಬಂದ ನೆಂಟರು ತರುವ ಶಿಶುಗಳ ಡ್ರಾಪ್ಸ್‌ನಲ್ಲಿ 1.25 ಮಿಲಿಲೀಟರಿಗೇ 50 ಮಿಲಿಗ್ರಾಂ ಇರುತ್ತದೆ, ಸಿರಪ್‌ನ ಇಮ್ಮಡಿ ಸಾಂದ್ರತೆ. ಅದನ್ನೂ 3.5 ಮಿಲಿಲೀಟರ್ ಎಳೆದರೆ ಕೂಸಿನ ಹೊಟ್ಟೆಗೆ ಹೋಗುವುದು 140 ಮಿಲಿಗ್ರಾಂ. ಇನ್ನೊಂದು, ನಮ್ಮ ಮೆಡಿಕಲ್ ಶಾಪ್‌ಗಳಲ್ಲಿ ಕೈಗೆ ಸಿಗುವ ಮಿಶ್ರ ಸಿರಪ್. ಅವುಗಳಲ್ಲಿ ಹಲವದರ 5 ಮಿಲಿಲೀಟರಿನಲ್ಲಿ 100 ಮಿಲಿಗ್ರಾಂ ಐಬುಪ್ರೊಫೆನ್ ಜೊತೆ 162.5 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. 3.5 ಮಿಲಿಲೀಟರ್ ಕೊಟ್ಟಾಗಲೇ ಪ್ಯಾರಾಸಿಟಮಾಲ್ ಸುಮಾರು 114 ಮಿಲಿಗ್ರಾಂ ಹೋಗಿರುತ್ತದೆ, ಆ ತೂಕಕ್ಕೆ ಅದು ಪೂರ್ತಿ ಡೋಸ್. ಅದು ಗೊತ್ತಿಲ್ಲದೆ ಮೇಲೆ ಪ್ಯಾರಾಸಿಟಮಾಲ್ ಡ್ರಾಪ್ಸ್ ಹಾಕಿದರೆ ಇಮ್ಮಡಿ. ಬಾಟಲಿಯ ಹೆಸರು ನೋಡಬೇಡಿ, ಒಳಗಿರುವ ಔಷಧಗಳ ಸಾಲನ್ನು ಓದಿ ಎಂದು ಬರೆಯಿರಿ. ಮೆಫೆನಾಮಿಕ್ ಆಸಿಡ್ ಇರುವ ಸಿರಪ್ ಕೂಡ ಐಬುಪ್ರೊಫೆನ್ ಜಾತಿಯದೇ, ಕಿಡ್ನಿಯ ಮಟ್ಟಿಗೆ ಅದೇ ಎಚ್ಚರಿಕೆ.

ಇನ್ನು ಅದೇ 7 ಕಿಲೋ ಕೂಸಿಗೆ ಜ್ವರದ ಜೊತೆ ಬೆಳಗಿನಿಂದ ಆರು ಸಲ ಭೇದಿ, ಎರಡು ಸಲ ವಾಂತಿ, ಮಧ್ಯಾಹ್ನದಿಂದ ಡೈಪರ್ ಒಣಗಿದೆ ಎಂದುಕೊಳ್ಳಿ. ವಯಸ್ಸು ಅದೇ, ತೂಕ ಅದೇ, ಐಬುಪ್ರೊಫೆನ್ ಮಾತ್ರ ಬೇಡ. ಕಿಲೋಗೆ 15 ಮಿಲಿಗ್ರಾಂನಂತೆ ಪ್ಯಾರಾಸಿಟಮಾಲ್ 105 ಮಿಲಿಗ್ರಾಂ ಆಗುತ್ತದೆ. ಮಿಲಿಲೀಟರಿಗೆ 100 ಮಿಲಿಗ್ರಾಂ ಇರುವ ಡ್ರಾಪ್ಸ್ ಆದರೆ 1 ಮಿಲಿಲೀಟರ್. ಎದೆಹಾಲು ನಿಲ್ಲಿಸದೆ ಗುಟುಕು ಗುಟುಕಾಗಿ ಓಆರ್‌ಎಸ್ ಕುಡಿಸುವುದು ಜ್ವರ ಇಳಿಸುವುದಕ್ಕಿಂತ ಮುಖ್ಯ. ಬಾಯಿ ಒಣಗಿದೆ, ಅಳುವಾಗ ಕಣ್ಣೀರಿಲ್ಲ, ಕಣ್ಣು ಒಳಸೇರಿದೆ, ನೆತ್ತಿ ಗುಳಿಬಿದ್ದಿದೆ, ಆರು ಗಂಟೆಗಳ ಕಾಲ ಮೂತ್ರವಿಲ್ಲ, ಇವುಗಳಲ್ಲಿ ಯಾವುದು ಕಂಡರೂ ಔಷಧದ ಲೆಕ್ಕ ಬಿಟ್ಟು ಆಸ್ಪತ್ರೆಗೆ ಹೊರಡಬೇಕು.

ನೀರಿನಂಶ ಸರಿಯಿದ್ದರೂ ಬೇಡವಾದ ಎರಡು ಸಂದರ್ಭಗಳನ್ನು ಸೇರಿಸಿ. ಒಂದು ಡೆಂಗಿ. ಅದರಲ್ಲಿ ಪ್ಲೇಟ್‌ಲೆಟ್ ಇಳಿಯುತ್ತವೆ, ಐಬುಪ್ರೊಫೆನ್ ಉಳಿದ ಪ್ಲೇಟ್‌ಲೆಟ್‌ಗಳ ಕೆಲಸವನ್ನೂ ಕುಗ್ಗಿಸುತ್ತದೆ, ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಕರ್ನಾಟಕದಲ್ಲಿ ಮಳೆಗಾಲ ಹಿಡಿದ ಮೇಲೆ ಬರುವ ಜ್ವರಕ್ಕೆ, ಡೆಂಗಿ ಅಲ್ಲ ಎಂದು ಖಚಿತವಾಗುವ ತನಕ, ಪ್ಯಾರಾಸಿಟಮಾಲ್ ಮಾತ್ರ. ಇನ್ನೊಂದು ಸೀತಾಳೆ ಸಿಡುಬು, ಅದರಲ್ಲಿ ಚರ್ಮದ ಗಂಭೀರ ಬ್ಯಾಕ್ಟೀರಿಯಾ ಸೋಂಕಿನ ಜೊತೆ ಐಬುಪ್ರೊಫೆನ್‌ಗೆ ನಂಟು ಕಂಡುಬಂದಿದೆ.

ನಿಮ್ಮ ಮೊದಲ ಪುಟದ ಅಜ್ಜಿಮದ್ದಿನ ಪೀಠಿಕೆ ಈ ಲೇಖನಕ್ಕೆ ಬೇಡ. ಅಲ್ಲಿ ಉಳಿಯುವ ಜಾಗವನ್ನು ಏಳು ಕಿಲೋ ಕೂಸಿನ ಎರಡು ಸಂದರ್ಭಗಳಿಗೆ ಕೊಡಿ. ತಿದ್ದಿದ ಪ್ರತಿಯಲ್ಲಿ ಮಿಲಿಗ್ರಾಂ ಮತ್ತು ಮಿಲಿಲೀಟರ್ ಎರಡನ್ನೂ ಪೂರ್ತಿ ಪದದಲ್ಲೇ ಬರೆಯಿರಿ. “ಮಿ.” ಎಂದು ಮೊಟಕುಮಾಡಿದರೆ ಅವಸರದಲ್ಲಿ ಓದುವವರು ಒಂದನ್ನು ಇನ್ನೊಂದೆಂದು ತಿಳಿಯುತ್ತಾರೆ. ಲೆಕ್ಕಗಳನ್ನು ಮಕ್ಕಳ ವೈದ್ಯರೊಬ್ಬರಿಗೆ ತೋರಿಸಿ, ಅವರು ತಿದ್ದಿದ ಹಾಳೆಯನ್ನೂ ಲಗತ್ತಿಸಿ ಕಳಿಸಿ.

ಸಂಪಾದಕರು